ಮೇಘನಾ – ಪ್ರಶಾಂತ್: ಜಾತಕ ಮೇಳದ ಫಲ

ಮಲ್ಲೇಶ್ವರಂ, ಬೆಂಗಳೂರು

ಚಿ. ಸೌ. ಮೇಘನಾ ಮತ್ತು ಚಿ. ಪ್ರಶಾಂತ್ ಅವರಿಗೆ ಆಶೀರ್ವಾದಗಳು.

ಹೋದ ಭಾನುವಾರ ನೀವಿಬ್ಬರೂ ಬಂದು ಹೋದ ಮೇಲೆ ಎರಡೂ ಜಾತಕವನ್ನು ಮತ್ತೆ ಕೂತು ನೋಡಿದೆ. ಬಾಯಲ್ಲಿ ಹೇಳಿದ್ದು ಮನೆ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತೆ, ಅದಕ್ಕೆ ಬರೆದು ಕೊಡುತ್ತಿದ್ದೇನೆ. ಮನೆಯವರಿಗೂ ಓದಿ ಹೇಳಿ.

ಮೇಘನಾ ಅವರದು ಪುನರ್ವಸು ಎರಡನೇ ಪಾದ, ಮಿಥುನ ರಾಶಿ, ತುಲಾ ಲಗ್ನ. ಪ್ರಶಾಂತ್ ಅವರದು ಹಸ್ತ ಮೂರನೇ ಪಾದ, ಕನ್ಯಾ ರಾಶಿ, ಮಿಥುನ ಲಗ್ನ. ಅಷ್ಟಕೂಟದಲ್ಲಿ 36ಕ್ಕೆ 24.5 ಬರುತ್ತದೆ. ವಾಡಿಕೆಯಲ್ಲಿ 18 ದಾಟಿದರೆ ಸಾಕು ಅನ್ನುತ್ತಾರೆ. ರಾಶ್ಯಧಿಪತಿ ಇಬ್ಬರಿಗೂ ಬುಧನೇ, ಅಲ್ಲಿ ಐದಕ್ಕೆ ಐದು. ಗಣ ಇಬ್ಬರದೂ ದೇವಗಣ, ಆರಕ್ಕೆ ಆರು. ರಾಶಿಕೂಟಕ್ಕೆ ಪೂರ್ತಿ ಏಳು. ತಾರೆಯಲ್ಲಿ ಮೂರಕ್ಕೆ ಒಂದೂವರೆ. ಯೋನಿಯಲ್ಲಿ ಒಬ್ಬರದು ಬೆಕ್ಕು, ಇನ್ನೊಬ್ಬರದು ಎಮ್ಮೆ, ನಾಲ್ಕಕ್ಕೆ ಎರಡು. ಜಗಳವೂ ಇಲ್ಲ, ಗಾಢ ಸ್ನೇಹವೂ ಇಲ್ಲ. ನಮ್ಮ ಕಡೆ ಹಿರಿಯರು ಕೇಳುವ ರಜ್ಜುವನ್ನೂ ನೋಡಿದೆ. ಒಂದು ನಾಭಿ, ಒಂದು ಕಂಠ, ಹಾಗಾಗಿ ತೊಂದರೆ ಇಲ್ಲ. ವೇಧೆಯೂ ಇಲ್ಲ.

ಈಗ ನೀವು ಬಂದ ವಿಷಯ. ಪ್ರಶಾಂತ್ ಅವರ ದೊಡ್ಡಮ್ಮ ಮೊಬೈಲ್‌ನಲ್ಲಿ ಹಾಕಿ ನೋಡಿದಾಗ ನಾಡಿಗೆ ಎಂಟಕ್ಕೆ ಸೊನ್ನೆ ಬಂತು, ಕೆಂಪು ಅಕ್ಷರದಲ್ಲಿ. ಉಂಗುರ ಬದಲಾಯಿಸಿಕೊಂಡು ಮೂರು ವಾರ ಆದ ಮೇಲೆ ಈ ಕೆಂಪು ಅಕ್ಷರ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ ಅಂದಿರಿ.

ಲೆಕ್ಕ ಸರಿ ಇದೆ. ಪುನರ್ವಸು, ಹಸ್ತ ಎರಡೂ ಆದಿ ನಾಡಿ. ಸೊನ್ನೆ ಸೊನ್ನೆಯೇ. ಒಂದೇ ರಾಶಿಯಲ್ಲಿ ನಕ್ಷತ್ರ ಬೇರೆ ಇದ್ದರೆ, ಅಥವಾ ಒಂದೇ ನಕ್ಷತ್ರದಲ್ಲಿ ಪಾದ ಬೇರೆ ಇದ್ದರೆ ದೋಷ ಇಲ್ಲ ಅನ್ನುವ ಅಪವಾದಗಳಿವೆ. ನಿಮಗೆ ಅವು ಹೊಂದುವುದಿಲ್ಲ. ನಿಮ್ಮ ಸಮಾಧಾನಕ್ಕೆ ಅಂತ ಇಲ್ಲದ ಅಪವಾದವನ್ನು ಎಳೆದು ತರೋದು ನನಗೆ ಇಷ್ಟವಿಲ್ಲ.

ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. ಇರುವುದು 27 ನಕ್ಷತ್ರ, ಮೂರು ನಾಡಿ. ಒಂದೊಂದು ನಾಡಿಗೆ ಒಂಬತ್ತು ನಕ್ಷತ್ರ. ಕಣ್ಣು ಮುಚ್ಚಿ ಯಾವ ಇಬ್ಬರನ್ನು ಎತ್ತಿಕೊಂಡರೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಜೋಡಿಗೆ ಇದೇ ಸೊನ್ನೆ ಬರುತ್ತದೆ. ಜಾತಕವನ್ನೇ ನೋಡದೆ ಮದುವೆಯಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುವ ಎಷ್ಟೋ ಮನೆಗಳಲ್ಲೂ ಈ ಸೊನ್ನೆ ಇದ್ದೇ ಇದೆ. ನಾಡಿ ಅಂದರೆ ರಕ್ತದ ಗುಂಪು ಅಂತ ಯಾರೋ ಹೇಳಿದರಂತೆ. ಅಲ್ಲ. ಚಂದ್ರ ಯಾವ ನಕ್ಷತ್ರದಲ್ಲಿದ್ದ ಅನ್ನುವುದರಿಂದ ಅದನ್ನು ತೆಗೆಯುತ್ತಾರೆ, ಅಷ್ಟೇ. ಮಕ್ಕಳ ಆರೋಗ್ಯದ ಚಿಂತೆ ಇದ್ದರೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಥಲಸ್ಸೇಮಿಯಾದಂಥದ್ದನ್ನು ಮದುವೆಗೆ ಮುಂಚೆಯೇ ರಕ್ತ ಪರೀಕ್ಷೆಯಲ್ಲಿ ನೋಡಬಹುದು. ಆ ಪ್ರಶ್ನೆಗೆ ಉತ್ತರ ನನ್ನ ಪಂಚಾಂಗದಲ್ಲಿಲ್ಲ.

ಈ ನಾಡಿಯ ದೋಷಕ್ಕೆ 35 ಸಾವಿರದ ಹೋಮ ಮಾಡಿಸಬೇಕಾ ಅಂತ ಕೇಳಿದಿರಿ. ಭಯಕ್ಕೆ ಮಾಡಿಸಬೇಡಿ. ದೊಡ್ಡಮ್ಮನ ಮನಸ್ಸಿಗೆ ನೆಮ್ಮದಿ ಬೇಕಿದ್ದರೆ ಮನೆದೇವರಿಗೆ ಒಂದು ಅಭಿಷೇಕ ಮಾಡಿಸಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನಾನು ಇಬ್ಬರಿಗೂ ಒತ್ತಿ ಹೇಳಬೇಕಾದದ್ದು ಕೂಟದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕುಂಡಲಿಯಲ್ಲಿದೆ.

ಪ್ರಶಾಂತ್, ನಿಮ್ಮ ಲಗ್ನದಿಂದ ಎರಡರಲ್ಲಿ ಕುಜ, ಅದೂ ಕರ್ಕದಲ್ಲಿ ನೀಚ. ಇದನ್ನು ಕುಜದೋಷ ಅನ್ನುತ್ತಾರೆ. ಮೇಘನಾ ಅವರಿಗೆ ಲಗ್ನದಿಂದಲೂ ಚಂದ್ರನಿಂದಲೂ ಇಲ್ಲ. ಹೆದರಬೇಡಿ, 12 ಮನೆಗಳಲ್ಲಿ ಆರು ಮನೆ ಈ ದೋಷದ ಪಟ್ಟಿಯಲ್ಲೇ ಇವೆ. ಎರಡು ಅಂದರೆ ಮಾತಿನ ಮನೆ, ಕುಟುಂಬದ ಮನೆ. ಅಲ್ಲಿ ಕುಜ ಕೂತರೆ ಮಾತು ಮುಂದೆ, ಯೋಚನೆ ಹಿಂದೆ. ಮನಸ್ಸಲ್ಲಿ ವಿಷ ಇಲ್ಲ, ನಾಲಿಗೆಗೆ ಮಾತ್ರ ಅವಸರ.

ಮೇಘನಾ, ನಿಮಗೆ ಏಳರಲ್ಲಿ ಶನಿ, ಮೇಷದಲ್ಲಿ. ತುಲಾ ಲಗ್ನಕ್ಕೆ ಶನಿ ಒಳ್ಳೆಯವನೇ, ಆದರೆ ಕೂತ ಜಾಗ ನೀಚ. ಒಮ್ಮೆ ಮಾತು ಕೊಟ್ಟರೆ ಬಿಡುವವರಲ್ಲ ನೀವು. ಆದರೆ ಬೇಕು ಅನ್ನುವುದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲಾ ಒಳಗೇ ಇಟ್ಟುಕೊಂಡು ಲೆಕ್ಕ ಬರೆಯುತ್ತೀರಿ.

ಭಾನುವಾರ ನನ್ನ ಹೆಂಡತಿ ಕಾಫಿ ತಂದಾಗ 'ಇಬ್ಬರಿಗೂ ಸಕ್ಕರೆ ಬೇಡ' ಅಂದವರು ಪ್ರಶಾಂತ್. ಮೇಘನಾ ಸುಮ್ನೆ ಕುಡಿದರು. ಆಮೇಲೆ ಲೋಟ ಇಡಲು ಅಡುಗೆಮನೆಗೆ ಹೋದಾಗ, 'ನಾನು ಎರಡು ಚಮಚ ಹಾಕ್ಕೋತೀನಿ ಆಂಟಿ' ಅಂದರಂತೆ! ಪ್ರಶಾಂತ್, ಈ ಸಾಲು ಓದುವವರೆಗೂ ನಿಮಗೆ ಇದು ಗೊತ್ತಿರಲಿಲ್ಲ, ಅಲ್ವಾ? ಒಂದು ಲೋಟ ಕಾಫಿಗೆ ಯಾರ ಸಂಸಾರವೂ ಕೆಡೋದಿಲ್ಲ. ಮನೆಯ ವಿಷಯಕ್ಕೂ ಹೀಗೇ ಆದರೆ ಕಷ್ಟ.

ಮೇಘನಾ ಅವರ ಕುಂಡಲಿಯಲ್ಲಿ ನಾಲ್ಕನೇ ಮನೆಯ ಅಧಿಪತಿಯೂ ಆ ಶನಿಯೇ. ನಾಲ್ಕು ಅಂದರೆ ವಾಸದ ಮನೆ, ತಾಯಿ. ಏಳು ಅಂದರೆ ಮದುವೆ. ಮೂರೂ ಒಂದೇ ಗಂಟಿನಲ್ಲಿವೆ. ಪ್ರಶಾಂತ್ ವೈಟ್‌ಫೀಲ್ಡ್‌ನಲ್ಲಿ ಫ್ಲಾಟ್ ನೋಡಿಟ್ಟಿದ್ದಾರೆ, ಆಫೀಸು ಹತ್ತಿರ. ಬಸವನಗುಡಿಯಲ್ಲಿ ಮೇಘನಾ ಅವರ ತಾಯಿ ಒಬ್ಬರೇ. 'ಮೆಟ್ರೋ ಇದೆಯಲ್ಲ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ನ್ಯಾಷನಲ್ ಕಾಲೇಜು' ಅಂದಿರಿ ಪ್ರಶಾಂತ್. ಸ್ಟೇಷನ್ ಇರುವುದು ನಿಜ. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಜ್ವರ ಬಂದರೆ ಅನ್ನುವ ಪ್ರಶ್ನೆ ಆಗ ಮೇಘನಾ ಅವರ ಮುಖದಲ್ಲಿತ್ತು, ಬಾಯಿಗೆ ಬರಲಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಇದನ್ನು ಇಬ್ಬರೇ ಕೂತು ಮಾತಾಡಿ. ಮೊದಲು ಮೇಘನಾ ಹೇಳಲಿ, ಅವರು ಮುಗಿಸುವವರೆಗೆ ಪ್ರಶಾಂತ್ ಕಾಯಲಿ. ನಿಮ್ಮ ಕುಜನಿಗೆ ನನಗೆ ಗೊತ್ತಿರುವ ಶಾಂತಿ ಇದೇ.

ದಶೆಗಳ ಬಗ್ಗೆ ಎರಡು ಮಾತು. ಪ್ರಶಾಂತ್‌ಗೆ 18 ವರ್ಷದ ರಾಹು ದಶೆ 2025ರಲ್ಲಿ ಮುಗಿದು ಗುರು ದಶೆ ಶುರುವಾಗಿದೆ. ಮೇಘನಾಗೆ ಶನಿ ದಶೆ 2027ರಲ್ಲಿ ಮುಗಿದು ಬುಧ ಬರುತ್ತಾನೆ. ಎರಡು ದಶೆ ಒಂದೇ ಸಲ ಬದಲಾಗುತ್ತಿಲ್ಲ, ಅದು ಒಳ್ಳೆಯದು. ಆದರೂ ಹತ್ತಿರ ಹತ್ತಿರವೇ. ಈಗ ಗೋಚಾರದಲ್ಲಿ ಶನಿ ಮೀನದಲ್ಲಿದ್ದಾನೆ, ಕನ್ಯಾ ರಾಶಿಗೆ ಏಳನೇ ಮನೆ. ಮದುವೆಯಾದ ಮೊದಲ ವರ್ಷ ಕೆಲಸ, ಊರು, ದುಡ್ಡು ಎಲ್ಲದರಲ್ಲೂ ಓಡಾಟ ಇರಬಹುದು. ಆ ವರ್ಷ ದೊಡ್ಡ ಸಾಲಕ್ಕೆ ಸಹಿ ಹಾಕುವ ಬದಲು ಬಾಡಿಗೆ ಮನೆಯಲ್ಲಿರುವುದು ವಾಸಿ ಅಂತ ನನ್ನ ಅನಿಸಿಕೆ. ಕೊನೆಯ ತೀರ್ಮಾನ ನಿಮ್ಮಿಬ್ಬರದು.

ಮದುವೆ ಬೇಡ ಅನ್ನಲು ಈ ಎರಡು ಜಾತಕಗಳಲ್ಲಿ ನನಗೆ ಕಾರಣ ಕಾಣಲಿಲ್ಲ. ಎಲ್ಲಾ ಸಲೀಸಾಗಿ ನಡೆಯುತ್ತೆ ಅಂತ ಬರೆದುಕೊಡಲೂ ಆಗುವುದಿಲ್ಲ. 24.5 ಅಂದರೆ ಸ್ವಭಾವ ಬಹಳ ಕಡೆ ಸೇರುತ್ತದೆ, ಕೆಲವು ಕಡೆ ತಿಕ್ಕುತ್ತದೆ ಅಂತ ಅರ್ಥ. ತಿಕ್ಕುವ ಜಾಗ ಯಾವುದು ಅಂತ ಮೇಲೆ ಹೇಳಿದ್ದೇನೆ.

ಕಾರ್ತಿಕದಲ್ಲಿ ಮುಹೂರ್ತ ನೋಡಲು ಹೇಳಿದ್ದಿರಿ. ಇಬ್ಬರ ತಾರಾಬಲವೂ ಕೂಡುವ ದಿನಗಳನ್ನು ತೆಗೆದಿಡುತ್ತೇನೆ. ಮುಂದಿನ ತಿಂಗಳು ಯಾವುದಾದರೂ ಭಾನುವಾರ ಬೆಳಗ್ಗೆ ಹನ್ನೊಂದರ ಒಳಗೆ ಬನ್ನಿ. ದೊಡ್ಡಮ್ಮನನ್ನೂ ಕರೆತನ್ನಿ. ಸಕ್ಕರೆ ಡಬ್ಬಿ ಮೇಜಿನ ಮೇಲೇ ಇರುತ್ತೆ.