ಕೆಂಡದ ಹರಕೆಯೂ ಧಾರ್ಮಿಕ ಹಕ್ಕಿನ ಎಲ್ಲೆಯೂ

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ಹರಕೆ ಹೊತ್ತವರು ಕೈಗೂಸುಗಳನ್ನು ಎತ್ತಿಕೊಂಡು ಕೆಂಡ ಹಾಯುತ್ತಾರೆ. ಈ ವರ್ಷ ತಹಶೀಲ್ದಾರರು ಮಕ್ಕಳನ್ನು ಎತ್ತಿಕೊಂಡು ಹಾಯುವುದನ್ನು ನಿಷೇಧಿಸಿದ್ದಾರೆ. ತಲೆತಲಾಂತರದ ಆಚರಣೆ ನಮ್ಮ ಧಾರ್ಮಿಕ ಹಕ್ಕಲ್ಲವೇ? ನ್ಯಾಯಾಲಯಕ್ಕೆ ಹೋದರೆ ಏನಾದೀತು?

ಉತ್ತರ: ಹಕ್ಕು ಇದೆ, ಎಲ್ಲೆಯೂ ಇದೆ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಂದು ಮೊದಲೇ ಹೇಳಿ, ಆಮೇಲೆ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುತ್ತದೆ. ಧರ್ಮದ ಜೊತೆ ಸೇರಿಕೊಂಡಿರುವ ಹಣಕಾಸಿನ, ಲೌಕಿಕ ವ್ಯವಹಾರಗಳನ್ನು ಸರ್ಕಾರ ನಿಯಂತ್ರಿಸಬಹುದು. ಸಮಾಜ ಸುಧಾರಣೆಗೆ ಕಾನೂನನ್ನೂ ಮಾಡಬಹುದು.

ಯಾವ ಆಚರಣೆಗೆ ರಕ್ಷಣೆ ಸಿಗಬೇಕು ಎಂದು ಅಳೆಯಲು ನ್ಯಾಯಾಲಯಗಳು ಬಳಸುವ ಪರೀಕ್ಷೆ ‘ಅತ್ಯಗತ್ಯ ಧಾರ್ಮಿಕ ಆಚರಣೆ’. ಆ ಮಾತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು ಬೆಳೆದದ್ದು 1954ರ ಶಿರೂರು ಮಠದ ತೀರ್ಪಿನಿಂದ. ಮದ್ರಾಸ್ ಸರ್ಕಾರದ ದತ್ತಿ ಕಾಯ್ದೆಯನ್ನು ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳು ಪ್ರಶ್ನಿಸಿದ್ದರು. ದೇವರಿಗೆ ಇಂಥ ಹೊತ್ತಿನಲ್ಲಿ ನೈವೇದ್ಯವಾಗಬೇಕು, ಅಗ್ನಿಗೆ ಆಹುತಿ ಕೊಡಬೇಕು ಎಂದು ಒಂದು ಧರ್ಮ ಹೇಳಿದರೆ, ಅದಕ್ಕೆ ದುಡ್ಡು ಖರ್ಚಾಗುತ್ತದೆ, ಅರ್ಚಕರನ್ನು ನೇಮಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಅಂದರೆ ಈ ಪರೀಕ್ಷೆ ಹುಟ್ಟಿದ್ದು ಭಕ್ತನಿಗೆ ರಕ್ಷಣೆಯಾಗಿ.

ನಾಲ್ಕೇ ವರ್ಷಗಳಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಬಂತು. ಗೌಡ ಸಾರಸ್ವತ ಬ್ರಾಹ್ಮಣರ ದೇವಾಲಯಕ್ಕೆ ದಲಿತರ ಪ್ರವೇಶವನ್ನು ತಡೆಯಬಹುದೇ? ಯಾರಿಗೆ ಪ್ರವೇಶ ಎಂಬುದು ಧಾರ್ಮಿಕ ವಿಷಯವೇ ಹೌದೆಂದು ನ್ಯಾಯಾಲಯ ಒಪ್ಪಿಕೊಂಡಿತು. ಒಪ್ಪಿಕೊಂಡೂ, ದೇವಾಲಯಗಳನ್ನು ಎಲ್ಲರಿಗೂ ತೆರೆಯುವ ಕಾನೂನೇ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೆ ಬಿಟ್ಟಿತು. ನನ್ನ ಮಟ್ಟಿಗೆ ಇದು ಅತ್ಯಂತ ಪ್ರಾಮಾಣಿಕ ತೀರ್ಪು. ಆಚರಣೆ ಧರ್ಮದ್ದೇ ಅಲ್ಲವೆಂದು ಅಲ್ಲಗಳೆಯದೆ, ಅದಕ್ಕಿಂತ ಮನುಷ್ಯನ ಸಮಾನತೆ ದೊಡ್ಡದೆಂದು ನೇರವಾಗಿ ಹೇಳಿತು.

ದಾರಿ ತಿರುಗಿದ್ದು 1961ರಲ್ಲಿ. ಅಜ್ಮೇರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಕೇವಲ ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚರಣೆಗಳಿಗೆ ರಕ್ಷಣೆ ಇಲ್ಲವೆಂದರು. ಅಂದಿನಿಂದ ಧರ್ಮದ ತಿರುಳು ಯಾವುದು, ಸಿಪ್ಪೆ ಯಾವುದು ಎಂದು ನ್ಯಾಯಾಧೀಶರೇ ಸುಲಿದು ನೋಡತೊಡಗಿದರು. ಟೀಕಾಕಾರರ ತಕರಾರು ಇದೇ: ಕಾನೂನು ಓದಿದವರು ಶಾಸ್ತ್ರಾರ್ಥ ನಿರ್ಣಯಿಸುವುದು ಯಾವ ಅಧಿಕಾರದಿಂದ? ಉಪವಾಸದಿಂದ ದೇಹ ಬಿಡುವ ಜೈನರ ಸಂಥಾರಾ ವ್ರತವನ್ನು, ನಮ್ಮಲ್ಲಿ ಸಲ್ಲೇಖನ ಎನ್ನುವುದನ್ನು, 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅತ್ಯಗತ್ಯ ಆಚರಣೆಯೆಂದು ಒಪ್ಪಲಿಲ್ಲ. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಶ್ರವಣಬೆಳಗೊಳದ ಶಾಸನಗಳನ್ನು ಬಲ್ಲ ನಮಗೆ ಹೈಕೋರ್ಟಿನ ಮಾತು ನುಂಗಲು ಕಷ್ಟವೇ.

ಪರೀಕ್ಷೆಯ ಪರ ವಾದಕ್ಕೂ ತೂಕವಿದೆ. ಜರಡಿಯೇ ಇಲ್ಲದಿದ್ದರೆ ಪ್ರತಿ ರೂಢಿಯೂ ಧರ್ಮದ ಹೆಸರು ಹೇಳಿಕೊಂಡು ಕಾನೂನಿಗೆ ಅಡ್ಡ ನಿಲ್ಲುತ್ತದೆ. ಜಾತಿಯ ಅಪಮಾನವನ್ನೂ ಹೆಣ್ಣಿನ ಮೇಲಿನ ಕಟ್ಟುಪಾಡನ್ನೂ ಸಮರ್ಥಿಸಿದವರು ಶಾಸ್ತ್ರವನ್ನೇ ಮುಂದೊಡ್ಡಿದ್ದರು ಎಂಬುದನ್ನು ಮರೆಯಲಾಗದು.

ಬೇರೆ ದಾರಿಯೂ ಇದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧಾರ್ಮಿಕ ನಂಬಿಕೆಯಿಂದಾಗಿ ಹಾಡದ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ, 1986ರಲ್ಲಿ, ನಂಬಿಕೆ ನಮಗೆ ಸರಿಯೆನಿಸುತ್ತದೆಯೇ ಎಂಬುದಲ್ಲ, ಪ್ರಾಮಾಣಿಕವಾದದ್ದೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಹಿಜಾಬ್ ವಿವಾದದಲ್ಲಿ ಕರ್ನಾಟಕ ಹೈಕೋರ್ಟ್ ಅದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದಿತು. ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು; ಈ ಪರೀಕ್ಷೆಯೇ ಇಲ್ಲಿ ಬೇಕಿರಲಿಲ್ಲ ಎಂದವರು ನ್ಯಾಯಮೂರ್ತಿ ಸುಧಾಂಶು ಧೂಲಿಯಾ. ಶಬರಿಮಲೆಯ 2018ರ ತೀರ್ಪಿನಲ್ಲಿ ಎಲ್ಲ ವಯಸ್ಸಿನ ಮಹಿಳೆಯರ ಪ್ರವೇಶದ ಪರವಾಗಿ ನಾಲ್ವರು ಒಂದು ಕಡೆ, ಭಿನ್ನಮತದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಇನ್ನೊಂದು ಕಡೆ. ಆ ವಿವಾದದಿಂದ ಎದ್ದ ವಿಶಾಲ ಪ್ರಶ್ನೆಗಳು ಬಳಿಕ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋದವು.

ಇನ್ನು ನಿಮ್ಮ ಜಾತ್ರೆ. ವಯಸ್ಕರು ಸ್ವಂತ ಇಚ್ಛೆಯಿಂದ ಕೆಂಡ ಹಾಯುವುದಕ್ಕೂ ಕೂಸನ್ನು ಎತ್ತಿಕೊಂಡು ಹಾಯುವುದಕ್ಕೂ ಬಹಳ ಅಂತರವಿದೆ. ಹರಕೆ ಹೊತ್ತದ್ದು ತಾಯಿ ಅಥವಾ ತಂದೆ; ಕೂಸಿಗೆ ಬೇಕು ಬೇಡ ಎನ್ನುವ ಬಾಯಿಲ್ಲ. ಕಾಲು ಜಾರಿದರೆ ಸುಡುವುದು ಅದರ ಮೈ. ಆರೋಗ್ಯದ ಷರತ್ತು 25ನೇ ವಿಧಿಯ ಮೊದಲ ಸಾಲಿನಲ್ಲೇ ಇರುವುದರಿಂದ, ಪದ್ಧತಿ ನೂರು ವರ್ಷ ಹಳೆಯದು ಎಂಬ ವಾದವೊಂದರಿಂದಲೇ ಆದೇಶ ರದ್ದಾಗುವ ಸಾಧ್ಯತೆ ಕಡಿಮೆ. ಆದರೆ ತಹಶೀಲ್ದಾರರು ಅಷ್ಟಕ್ಕೇ ನಿಲ್ಲದೆ ಕೊಂಡವನ್ನೇ ಮುಚ್ಚಿಸಿದರೆ, ಜಾತ್ರೆಯನ್ನೇ ನಿಲ್ಲಿಸಿದರೆ, ಅಷ್ಟು ಕಠಿಣ ಕ್ರಮ ಏಕೆ ಬೇಕಾಯಿತು ಎಂಬುದಕ್ಕೆ ಅವರೇ ಉತ್ತರ ಕೊಡಬೇಕಾಗುತ್ತದೆ. ಆಗ ನಿಮ್ಮ ವಾದ ಗಟ್ಟಿಯಾಗುತ್ತದೆ. ರಿಟ್ ಅರ್ಜಿಗೆ ಮುನ್ನ ದೇವಸ್ಥಾನ ಸಮಿತಿಯವರು ತಹಶೀಲ್ದಾರರೊಂದಿಗೆ ಕುಳಿತು, ಮಕ್ಕಳ ಹರಕೆಯನ್ನು ಕೊಂಡದ ಬಳಿಯ ಪೂಜೆಯಲ್ಲೇ ತೀರಿಸಬಹುದೇ ಎಂದು ಅರ್ಚಕರನ್ನೂ ಕೇಳಿ ನೋಡಿ.