ಲಕ್ಷ್ಮಕ್ಕನಿಗೆ, ಸಾಲ ತೀರಿದ ಖುಷಿಗೆ

ತುಮಕೂರು
12 ಮಾರ್ಚ್ 2025

ಪ್ರೀತಿಯ ಲಕ್ಷ್ಮಕ್ಕನಿಗೆ ನಮಸ್ಕಾರ.

ನೀವು ಕಳಿಸಿದ ಫೋಟೋ ಭಾನುವಾರ ಬೆಳಿಗ್ಗೆ ನೋಡಿದೆ. ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕಿ ಹೋಯಿತು. ಅದಕ್ಕೆ ನೀವೇ ಕಾರಣ. ಸಾಲದ ಪುಸ್ತಕದ ಕೊನೆ ಸಾಲು, ಅದರ ಮುಂದೆ "ಬಾಕಿ: ಇಲ್ಲ", ಕೆಳಗೆ ಕೆಂಪು ಇಂಕಿನಲ್ಲಿ "ಸಾಲ ಚುಕ್ತಾ", ಪಕ್ಕದಲ್ಲಿ ನಿಮ್ಮ ಸಹಿ. ಸಹಿಯಲ್ಲಿ "ಕ್ಷ್ಮ" ಒತ್ತು ಇನ್ನೂ ಹಾಗೇ ಮೇಲಕ್ಕೆ ಹತ್ತಿಕೊಂಡು ಕೂತಿದೆ, ಬದಲಾಗಿಲ್ಲ. ಮನಸ್ಸು ತುಂಬಿ ಅಭಿನಂದನೆ ಹೇಳುತ್ತಿದ್ದೇನೆ ಅಕ್ಕ. ಫೋನಿನಲ್ಲಿ ಹೇಳಿದರೆ "ಆಯ್ತು ಬಿಡಮ್ಮ, ಊಟ ಆಯ್ತಾ" ಅಂತ ಮಾತು ತಿರುಗಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿ ಮುಗಿಸುವ ತನಕ ಕೊಟ್ಟಿಗೆ ಕಡೆ ಓಡಬೇಡಿ.

ನಮ್ಮ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಚಾಳಿ ನನಗೆ ಇನ್ನೂ ಹೋಗಿಲ್ಲ. ಫೋಟೋ ನೋಡಿದ ಮೇಲೆ ಕೂತು ಲೆಕ್ಕ ಹಾಕಿದೆ. 2022ರ ಫೆಬ್ರವರಿಯಲ್ಲಿ ಬ್ಯಾಂಕಿನಿಂದ ಸಂಘಕ್ಕೆ ಬಂದ ಸಾಲದಲ್ಲಿ ನಿಮ್ಮ ಪಾಲು 1,50,000. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ತಿಂಗಳಿಗೆ 5,000 ಕಂತು, 36 ತಿಂಗಳು, ಕೊನೆ ಕಂತು 4,296. ಒಟ್ಟು ಕಟ್ಟಿದ್ದು 1,79,296. ಅಂದರೆ ಮೂರು ವರ್ಷಕ್ಕೆ ಬಡ್ಡಿ 29,296 ರೂಪಾಯಿ. ಅದೇ ದುಡ್ಡನ್ನು ಊರಲ್ಲಿ ಕೈಸಾಲ ತಂದಿದ್ದರೆ? ನೂರಕ್ಕೆ ಮೂರು ರೂಪಾಯಿ ಅಂದರೂ ತಿಂಗಳಿಗೆ ಬಡ್ಡಿಯೇ 4,500. ಮೂರು ವರ್ಷಕ್ಕೆ 1,62,000 ಬಡ್ಡಿ ಕೊಟ್ಟಾದ ಮೇಲೂ ಅಸಲು ಒಂದೂವರೆ ಲಕ್ಷ ಹಾಗೇ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಈ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಹೊಸ ಸದಸ್ಯರಿಗೆ ಜೋರಾಗಿ ಓದಿ ಹೇಳಿ. ನಾನು ಬರೆದಿದ್ದು ಅಂತಲೂ ಹೇಳಿ, ನನಗೂ ಸ್ವಲ್ಪ ಹೆಸರು ಬರಲಿ.

ಈಗ ವಿಷಯಕ್ಕೆ ಬರುತ್ತೇನೆ. ಆ ಪುಟದಲ್ಲಿ ಒಂಬತ್ತನೇ ಕಂತಿನ ಸಾಲು ಖಾಲಿ ಇದೆ. ಫೋಟೋದಲ್ಲೂ ಕಾಣಿಸಿತು. 2022ರ ನವೆಂಬರ್. ನೀವು ಮರೆತಿರಬಹುದು, ನಾನು ಮರೆತಿಲ್ಲ.

ಆಗ ನಮ್ಮ ಕಡೆ ಚರ್ಮಗಂಟು ರೋಗ ಬಂದು ಮನೆಮನೆಯ ಕೊಟ್ಟಿಗೆಯಲ್ಲೂ ಅಳುವಂತಾಗಿತ್ತು. ಮೇಕೆ ಸಿಡುಬಿನ ಲಸಿಕೆಯನ್ನೇ ಹಸುಗಳಿಗೆ ಹಾಕುತ್ತಿದ್ದರು. ದನದ ಸಂತೆ ನಿಲ್ಲಿಸಿದ್ದರು, ಮಾರೋಣ ಅಂದರೂ ದಾರಿ ಇರಲಿಲ್ಲ. ನಿಮ್ಮ ಗೌರಿಗೆ ಮೈತುಂಬಾ ಗಂಟು, ಜ್ವರ. ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದದ್ದು ಒಂದು ಲೀಟರಿಗೆ ಇಳಿದಿತ್ತು. ರಾಣಿ ತುಂಬು ಗಬ್ಬ, ಹಾಲು ಬತ್ತಿಸಿದ್ದಿರಿ. ಡೈರಿ ಬಿಲ್ಲು ಅಂತ ಕೈಗೆ ಬಂದದ್ದು ಬೂಸಾ ಚೀಲಕ್ಕೂ ಸಾಲುತ್ತಿರಲಿಲ್ಲ.

ಕಂತಿನ ದಿನ ಸಭೆಗೆ ನೀವು ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ದುಡ್ಡಿಲ್ಲದ ವಾರ ಸಾಮಾನ್ಯವಾಗಿ ಯಾರಿಗಾದರೂ ತಲೆನೋವು ಬರುತ್ತದೆ, ಇಲ್ಲ ತವರಿನಲ್ಲಿ ಏನಾದರೂ ಇರುತ್ತದೆ. ನೀವು ಎಲ್ಲರಿಗಿಂತ ಮುಂಚೆ ಬಂದು ಅಂಗನವಾಡಿ ಬಾಗಿಲ ಪಕ್ಕ ಕೂತಿದ್ದಿರಿ. ಹಾಜರಿ ಹಾಕುವ ಮೊದಲೇ ಹೇಳಿದಿರಿ: "ಈ ತಿಂಗಳು ನನ್ನ ಕೈಲಿ ಆಗಲ್ಲ. ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ತೀನಿ. ಬರ್ಕೋಮ್ಮ."

ನಾನೇನು ಮಾಡಿದೆ ಗೊತ್ತಲ್ಲ. ನಿಮ್ಮನ್ನು ಹೊರಗೆ ಕರೆದು, "ಅಕ್ಕ, ವಾರದ ಫೈನಾನ್ಸ್‌ನವರು ಟೀ ಅಂಗಡಿ ಹತ್ತಿರಾನೇ ಇದ್ದಾರೆ, ಐದು ಸಾವಿರ ತಗೊಂಡು ಕಟ್ಟಿಬಿಡಿ, ಪುಸ್ತಕದಲ್ಲಿ ಕಪ್ಪು ಚುಕ್ಕೆ ಬೇಡ" ಅಂದೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ನನ್ನ ಪುಸ್ತಕ ನೀಟಾಗಿ ಕಾಣಲಿ ಅನ್ನುವ ಆಸೆಯೇ ಅದರಲ್ಲಿ ಜಾಸ್ತಿ ಇತ್ತು. ನೀವು ನನ್ನ ಮುಖ ನೋಡಿ, "ನಿನ್ನ ಪುಸ್ತಕ ಚೆನ್ನಾಗಿರಲಿ ಅಂತ ನಾನು ಹೊಸ ಸಾಲ ಮಾಡಲಾ?" ಅಂದಿರಿ. ಅಷ್ಟೇ. ಒಳಗೆ ಹೋಗಿ ಕೂತಿರಿ.

ಆಮೇಲೆ ಸಂಘದ ಉಳಿತಾಯದಿಂದ ನಿಮ್ಮ ಕಂತಿನ ಪಾಲನ್ನು ಬ್ಯಾಂಕಿಗೆ ಕಟ್ಟುವುದು ಅಂತ ಠರಾವು ಬರೆದೆವು. ಇಬ್ಬರು ಗೊಣಗಿದರು. ಗೊಣಗುವುದು ಅವರ ಹಕ್ಕು, ಅವರ ಉಳಿತಾಯವೂ ಅದರಲ್ಲಿತ್ತು. ಡಿಸೆಂಬರಿನಲ್ಲಿ ನೀವು ಎರಡು ಕುರಿ ಮಾರಿ ಹತ್ತು ಸಾವಿರ ತಂದು ಟೇಬಲ್ ಮೇಲೆ ಇಟ್ಟಾಗ ಆ ಇಬ್ಬರೂ ನೋಟು ಎಣಿಸಲು ಮುಂದೆ ಬಂದರು. ತಡವಾದ ಒಂದು ತಿಂಗಳಿಗೆ ಬಿದ್ದ ಬಡ್ಡಿ 50 ರೂಪಾಯಿ. ಅದು ಕೊನೆಗೆ ಬೆಳೆದು 65 ಆಗಿ ಆ ಕೊನೆ ಕಂತಿನಲ್ಲಿ ಸೇರಿದೆ. ಅರವತ್ತೈದು ರೂಪಾಯಿ ಅಕ್ಕ! ಆವತ್ತು ನನ್ನ ಮಾತು ಕೇಳಿದ್ದರೆ ಎಷ್ಟು ವಾರ ಆ ಟೀ ಅಂಗಡಿ ಮುಂದೆ ತಲೆ ತಗ್ಗಿಸಿಕೊಂಡು ಹೋಗಬೇಕಿತ್ತೋ. ಸಾಲ ವಸೂಲಿಗೆ ಬಂದು ಮನೆ ಬಾಗಿಲಲ್ಲಿ ಕೂರುವ ಕಾಟ ಎಲ್ಲಿಗೆ ಮುಟ್ಟಿತು ಅಂದರೆ, ಮೊನ್ನೆ ಫೆಬ್ರವರಿಯಲ್ಲಿ ಸರ್ಕಾರ ಅದರ ಮೇಲೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸುದ್ದಿ ಓದಿದಾಗ ನನಗೆ ನಿಮ್ಮದೇ ನೆನಪು. ಆ ಮಾತಿಗೆ ಈ ಕಾಗದದಲ್ಲಿ ಕ್ಷಮೆ ಕೇಳುತ್ತಿದ್ದೇನೆ. ಎದುರಿಗಿದ್ದರೆ ಕೇಳುವ ಧೈರ್ಯ ಇರುತ್ತಿರಲಿಲ್ಲ.

ಉಳಿದ ಮೂವತ್ತೈದು ಕಂತು ಕಟ್ಟಿದ್ದಕ್ಕೆ ಎಲ್ಲರೂ ಹೊಗಳುತ್ತಾರೆ. ನಾನು ಅಭಿನಂದನೆ ಹೇಳುತ್ತಿರುವುದು ಕಟ್ಟದೇ ಇದ್ದ ಆ ಒಂದು ತಿಂಗಳಿಗೆ.

ಇನ್ನು ಹಸುಗಳ ಸುದ್ದಿ. ಎರಡು ಇದ್ದದ್ದು ಆರಾಗಿದೆ ಅಂದಾಗ ನಮ್ಮ ಮನೆಯವರು "ಅಷ್ಟು ಬೇಗನಾ?" ಅಂದರು. ಬೇಗ ಎಲ್ಲಿಂದ ಬಂತು? ಗೌರಿಯ ಹೆಣ್ಣು ಕರುವಿಗೆ ಆರು ತಿಂಗಳಿದ್ದಾಗಲೇ ವ್ಯಾಪಾರಿ ಬಂದು ಬೆಲೆ ಕಟ್ಟಿದ್ದ. ಭಾವನಿಗೂ ಮನಸ್ಸಿತ್ತು. ಹಾಲು ಕೊಡದ ಕರುವಿಗೆ ಎರಡೂವರೆ ವರ್ಷ ಯಾರು ಮೇವು ಹಾಕುತ್ತಾರೆ ಅಂತ ನಿಮ್ಮ ಅತ್ತೆ ತೆಲುಗಿನಲ್ಲಿ ಬೈದದ್ದು ನಾನೇ ಕೇಳಿಸಿಕೊಂಡಿದ್ದೇನೆ. ನೀವು ಕೊಡಲಿಲ್ಲ. ಅದೇ ಕರು ಕಳೆದ ಡಿಸೆಂಬರಿನಲ್ಲಿ ಮೊದಲ ಸೂಲು ಕರು ಹಾಕಿ ಕರಾವಿಗೆ ಬಂದಿದೆ. ರಾಣಿಯ ಕಡಸು ಈಗ ತುಂಬು ಗಬ್ಬ. ಕೊಂಡು ತಂದದ್ದು ಹೊಸ ಎರಡು ಮಾತ್ರ. ಸಂಘದವರು ಎರಡು ಲಕ್ಷದವರೆಗೂ ಕೊಡುತ್ತೇವೆ ಅಂದರೂ ನೀವು 80,000 ಮಾತ್ರ ಸಾಲ ತಗೊಂಡು ಮಿಕ್ಕದ್ದನ್ನು ಉಳಿತಾಯದಿಂದ ಹಾಕಿದಿರಂತೆ. ಈಗ ಸಂಘದ ಪುಸ್ತಕ ಬರೆಯುವ ಹೊಸ ಹುಡುಗಿ ನನಗೆ ಫೋನ್ ಮಾಡಿ ಆಶ್ಚರ್ಯದಿಂದ ಹೇಳಿದಳು. ನನಗೆ ಆಶ್ಚರ್ಯ ಆಗಲಿಲ್ಲ.

ಕೊಟ್ಟಿಗೆ ನರೇಗಾದಲ್ಲಿ ಕಟ್ಟಿಸಿಕೊಂಡದ್ದು ಒಳ್ಳೆ ಕೆಲಸ. ನೆಲಕ್ಕೆ ಮ್ಯಾಟ್ ಹಾಕಿಸಿದ್ದೀರಾ? ಹಾಲು ಕರೆಯುವ ಮೆಷಿನ್ ಬಂದ ಮೇಲೆ ನಿಮ್ಮ ಬೆರಳು ನೋವು ಕಡಿಮೆ ಆಗಿದೆ ಅಂದಿರಲ್ಲ, ನನಗೆ ನಲವತ್ತೈದು ಲೀಟರ್ ಹಾಲಿಗಿಂತ ಅದೇ ದೊಡ್ಡ ಸುದ್ದಿ ಅನ್ನಿಸಿತು. ಮೆಷಿನ್ ಹಾಕಿದ ಮೇಲೂ ಕೆಚ್ಚಲು ಕೈಯಿಂದ ಮುಟ್ಟಿ ನೋಡುವುದನ್ನು ಬಿಡಬೇಡಿ. ಬಾವು ಶುರುವಾದರೆ ಮೊದಲು ಗೊತ್ತಾಗುವುದು ಕೈಗೆ. ಇದನ್ನು ನನಗೆ ಹೇಳಿಕೊಟ್ಟವರೇ ನೀವು, ನಿಮಗೇ ವಾಪಸ್ ಹೇಳುತ್ತಿದ್ದೇನೆ, ನಗಬೇಡಿ.

ಇನ್ನೊಂದು ವಿಷಯಕ್ಕೆ ನನಗೆ ತುಂಬಾ ಹೆಮ್ಮೆ. ಮೊದಲು ಡೈರಿಯಲ್ಲಿ ಸದಸ್ಯತ್ವ ಭಾವನ ಹೆಸರಲ್ಲಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕರೆಯುವವರು ನೀವು, ಕ್ಯಾನ್ ಹೊರುವವರು ನೀವು, ಬಿಲ್ಲು ಮಾತ್ರ ಅವರ ಖಾತೆಗೆ. ಭಾವ ಕೆಟ್ಟವರಲ್ಲ, ಕೇಳಿದರೆ ಕೊಡುತ್ತಿದ್ದರು. ಆದರೆ ಕೇಳಬೇಕಿತ್ತು, ಅಲ್ವಾ? ಈಗ ನಿಮ್ಮ ಹೆಸರಲ್ಲೇ ಷೇರು, ನಿಮ್ಮ ಪಾಸ್ ಪುಸ್ತಕಕ್ಕೇ ದುಡ್ಡು. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ದಾಟಿದ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬರುತ್ತಿದ್ದ ನಿಮ್ಮನ್ನು ನೆನೆಸಿಕೊಂಡರೆ ನಗು ಬರುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಕಂತಿನ ಲೆಕ್ಕಕ್ಕೆ ಸೇರಿಸಬಾರದು, ಅದು ಬಂದ ದಿನ ಬಂದ ದುಡ್ಡು ಅಂತ ನೀವು ಹೇಳುತ್ತಿದ್ದಿರಲ್ಲ, ಅದನ್ನೇ ನಾನು ಇಲ್ಲಿನ ಸಂಘದವರಿಗೆ ಹೇಳಿ ನನ್ನದೇ ಬುದ್ಧಿ ಅನ್ನುವ ಹಾಗೆ ಮೆರೆದಿದ್ದೇನೆ.

ಒಂದೇ ಒಂದು ಮಾತು, ಚಿಕ್ಕವಳಾದರೂ ಹೇಳುತ್ತೇನೆ. ಹತ್ತು ಹಸು ಮಾಡಿ ಅಂತ ಈಗ ಊರೆಲ್ಲ ಹುರಿದುಂಬಿಸುತ್ತಾರೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲ. ನಿಮ್ಮ ಕೊಳವೆಬಾವಿಯಲ್ಲಿ ಬರುವ ನೀರು ಸೀಮೆಹುಲ್ಲಿನ ಆ ಹದಿನೈದು ಗುಂಟೆಗೆ ಸಾಕು, ಇನ್ನೂ ನಾಲ್ಕು ಹಸುವಿಗೆ ಸಾಲದು. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ಕೊಂಡು ಹಾಕಲು ಶುರುಮಾಡಿದರೆ ಹಾಲಿನ ದುಡ್ಡು ಹುಲ್ಲಿಗೇ ಹೋಗುತ್ತದೆ. ಈ ಬೇಸಿಗೆಗೆ ಜೋಳದ ರಸಮೇವು ಚೀಲಗಳಲ್ಲಿ ಕಟ್ಟಿಟ್ಟುಕೊಳ್ಳಿ. ಹೊಸ ಎರಡು ಹಸುಗಳಿಗೆ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿದಿರೋ ಇಲ್ಲವೋ ಬರೆದು ತಿಳಿಸಿ. ಮಾಡಿಸಿಲ್ಲ ಅಂದರೆ ನಾನೇ ಭಾವನಿಗೆ ಫೋನ್ ಮಾಡುತ್ತೇನೆ.

ಅತ್ತೆಯವರ ಮಂಡಿ ನೋವು ಹೇಗಿದೆ? ಪುಟ್ಟಿ ಪಿಯುಸಿ ಪರೀಕ್ಷೆ ಚೆನ್ನಾಗಿ ಬರೆಯುತ್ತಿದ್ದಾಳಾ? ಪರೀಕ್ಷೆ ಮುಗಿಯುವ ತನಕ ಅವಳಿಗೆ ಬೆಳಿಗ್ಗೆ ಸಗಣಿ ಎತ್ತುವ ಕೆಲಸ ಹೇಳಬೇಡಿ. ನಿಮ್ಮ ಸಂಘದವರಿಗೆಲ್ಲ ನನ್ನ ನಮಸ್ಕಾರ, ಆ ಗೊಣಗಿದ ಇಬ್ಬರಿಗೂ.

ಹೊಸ ಹುಡುಗಿಗೆ ಒಂದು ಮಾತು ಹೇಳಿಬಿಡಿ. ಹಳೆ ಪುಟಗಳನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ಆ ಒಂಬತ್ತನೇ ಸಾಲನ್ನು ತುಂಬಿಸುವುದು ಬೇಡ, ಹಾಗೇ ಖಾಲಿ ಇರಲಿ.

ಯುಗಾದಿಗೆ ಊರಿಗೆ ಬರುತ್ತೇನೆ. ಈ ಸಲ ಹಬ್ಬ 30ನೇ ತಾರೀಖು. ರಾಣಿಯ ಕಡಸು ಅದೇ ವಾರ ಕರು ಹಾಕಬಹುದು ಅಂದಿದ್ದಿರಿ. ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದರೆ ಗಿಣ್ಣು ನನಗೂ ಒಂದು ಲೋಟ ಎತ್ತಿಡಿ. ಬೆಲ್ಲ, ಏಲಕ್ಕಿ ನಾನು ತರುತ್ತೇನೆ.

ನಿಮ್ಮ ಪ್ರೀತಿಯ,
ಮಂಜುಳ