ಅರ್ಥಶಾಸ್ತ್ರ ಪತ್ರಿಕೆಯ ಮರುಮೌಲ್ಯಮಾಪನ ಕೋರಿ ಮನವಿ

ದಿನಾಂಕ: 14 ಫೆಬ್ರವರಿ 2025

ಗೆ,
ಕುಲಸಚಿವರು (ಮೌಲ್ಯಮಾಪನ),
ಪರೀಕ್ಷಾ ವಿಭಾಗ

ಪ್ರಾಂಶುಪಾಲರ ಮೂಲಕ

ವಿಷಯ: ಬಿ.ಎ. ಐದನೇ ಸೆಮಿಸ್ಟರ್, ಸ್ಥೂಲ ಅರ್ಥಶಾಸ್ತ್ರ ಪತ್ರಿಕೆಯ ಅಂಕಗಳ ಮೊತ್ತ ಸರಿಪಡಿಸಿ ಮರುಮೌಲ್ಯಮಾಪನ ಮಾಡುವ ಬಗ್ಗೆ. ನೋಂದಣಿ ಸಂಖ್ಯೆ: 2304117

ಮಾನ್ಯರೇ,

ಈ ಪತ್ರಿಕೆಯಲ್ಲಿ ನನಗೆ 80ಕ್ಕೆ 42 ಅಂಕ ಬಂದಿದೆ ಎಂದು ಫಲಿತಾಂಶದಲ್ಲಿದೆ. ಉತ್ತರ ಪತ್ರಿಕೆಯ ನಕಲು ಪಡೆದು ಕೂಡಿ ನೋಡಿದೆ. 49 ಆಗುತ್ತದೆ.

ವ್ಯತ್ಯಾಸ ಎಲ್ಲಿದೆ ಎನ್ನುವುದೂ ಸ್ಪಷ್ಟವಾಗಿದೆ. ‘ಎ’ ವಿಭಾಗದ 8, ‘ಬಿ’ ವಿಭಾಗದ 14 ಸರಿಯಾಗಿವೆ. ‘ಸಿ’ ವಿಭಾಗದ ಐದು ಉತ್ತರಗಳ ಪಕ್ಕದಲ್ಲಿ 6, 7, 5, 4, 5 ಎಂದು ಬರೆದಿದ್ದಾರೆ. ಒಟ್ಟು 27. ಆದರೆ ಮುಖಪುಟದ ಪಟ್ಟಿಯಲ್ಲಿ 11ನೇ ಪ್ರಶ್ನೆಯ ಮನೆ ಖಾಲಿ ಇದೆ. ಅದರ 7 ಅಂಕ ಬಿಟ್ಟು ಹೋಗಿ ಮೊತ್ತ 20 ಆಗಿದೆ.

ಇಷ್ಟೇ ಆಗಿದ್ದರೆ ಮರುಎಣಿಕೆಗೆ ಮಾತ್ರ ಅರ್ಜಿ ಹಾಕುತ್ತಿದ್ದೆ. 14ನೇ ಪ್ರಶ್ನೆ ಹಣದುಬ್ಬರ ಮತ್ತು ನಿರುದ್ಯೋಗದ ಸಂಬಂಧದ್ದು. ಆ ಉತ್ತರವನ್ನು ಪುಸ್ತಿಕೆಯ ಕೊನೆಯ ಪುಟದಲ್ಲಿ ಶುರು ಮಾಡಿ, ‘ಹೆಚ್ಚುವರಿ ಹಾಳೆ ನೋಡಿ’ ಎಂದು ಬರೆದು ಮುಂದುವರಿಸಿದ್ದೇನೆ. 5 ಅಂಕ ಬಿದ್ದಿರುವುದು ಪುಸ್ತಿಕೆಯ ಪುಟದಲ್ಲೇ. ಹೆಚ್ಚುವರಿ ಹಾಳೆಯ ಮೇಲೆ ಒಂದು ಗುರುತೂ ಇಲ್ಲ. ಫಿಲಿಪ್ಸ್ ರೇಖೆಯ ಚಿತ್ರ ಇರುವುದು ಅಲ್ಲೇ. ದೀರ್ಘಾವಧಿಯಲ್ಲಿ ಆ ರೇಖೆ ಯಾಕೆ ನೆಟ್ಟಗೆ ನಿಲ್ಲುತ್ತದೆ ಎಂಬ ವಿವರಣೆಯೂ ಅಲ್ಲೇ ಇದೆ. ಪ್ರಶ್ನೆಯಲ್ಲಿ ‘ಚಿತ್ರ ಸಹಿತ ವಿವರಿಸಿ’ ಎಂದೇ ಕೇಳಿದ್ದಾರೆ ಅಲ್ವಾ, ಹಾಗಾಗಿ ಆ ಹಾಳೆ ನೋಡದೆ ಕೊಟ್ಟ ಅಂಕ ಅರ್ಧ ಉತ್ತರಕ್ಕೆ ಕೊಟ್ಟ ಅಂಕ. ಗುಣಕದ ಕುರಿತ 13ನೇ ಉತ್ತರಕ್ಕೂ ಅಂಕ ಕಡಿಮೆ ಅನಿಸಿದೆ, ಆದರೆ ಅದು ಪರೀಕ್ಷಕರ ತೀರ್ಮಾನ. ಅದನ್ನು ಮತ್ತೊಬ್ಬರು ಓದಿ ಹೇಳಲಿ.

ಒಂದು ವಿಷಯವನ್ನು ಮಾತ್ರ ಒತ್ತಿ ಕೇಳುತ್ತೇನೆ. ಮರುಮೌಲ್ಯಮಾಪನಕ್ಕೆ ಕಳುಹಿಸುವ ಮೊದಲೇ ದಾಖಲೆಯಲ್ಲಿ ಮೊತ್ತವನ್ನು 49 ಎಂದು ತಿದ್ದಬೇಕು. ಇಲ್ಲದಿದ್ದರೆ ಹೊಸ ಅಂಕವನ್ನು 42ರ ಜೊತೆ ಹೋಲಿಸಿದಂತಾಗುತ್ತದೆ. ಆಗ ಹೊಸಬರು 46 ಕೊಟ್ಟರೂ 4 ಅಂಕ ಜಾಸ್ತಿ ಬಂದಂತೆ ಕಾಣುತ್ತದೆ, ನಿಜದಲ್ಲಿ 3 ಕಡಿಮೆ ಆಗಿರುತ್ತದೆ. ಕೂಡುವಾಗ ಆದ ತಪ್ಪು ಬೇರೆ, ಓದಿ ಅಂಕ ಕೊಡುವುದು ಬೇರೆ. ಎರಡನ್ನೂ ಬೆರೆಸಬಾರದೆಂದು ವಿನಂತಿ.

ಪತ್ರಿಕೆಯನ್ನು ಬೇರೆ ಪರೀಕ್ಷಕರಿಗೆ ಕೊಡಿ. ಹಳೆಯ ಅಂಕಗಳು ಅವರಿಗೆ ಕಾಣದಂತೆ ಮರೆಮಾಡಿ, ಹೆಚ್ಚುವರಿ ಹಾಳೆ ಪುಸ್ತಿಕೆಯ ಜೊತೆಗೇ ಇದೆಯೇ ಎಂದು ಮೊದಲು ನೋಡಿ. ಮರುಮೌಲ್ಯಮಾಪನದ ಶುಲ್ಕ ಕಟ್ಟಿದ್ದೇನೆ. ಮೊತ್ತದ ತಪ್ಪು ಕಚೇರಿಯ ಕಡೆಯದ್ದಾದ್ದರಿಂದ ಅದನ್ನು ತಿದ್ದಲು ಬೇರೆ ಶುಲ್ಕ ಕೇಳಬಾರದು. ಸ್ನಾತಕೋತ್ತರ ಪ್ರವೇಶದ ಅರ್ಜಿಯಲ್ಲಿ ಈ ಸೆಮಿಸ್ಟರಿನ ಅಂಕ ತೋರಿಸಬೇಕಿದೆ. ಮರುಮೌಲ್ಯಮಾಪನ ತಡವಾದರೂ ತಿದ್ದಿದ ಅಂಕಪಟ್ಟಿಯನ್ನು ಮೊದಲು ಕೊಟ್ಟರೆ ಉಪಕಾರವಾಗುತ್ತದೆ.

ಲಗತ್ತುಗಳು: ಉತ್ತರ ಪತ್ರಿಕೆಯ ನಕಲು (ಮುಖಪುಟ ಮತ್ತು ಹೆಚ್ಚುವರಿ ಹಾಳೆ ಸಹಿತ), ಅಂಕಪಟ್ಟಿ, ಪ್ರವೇಶ ಪತ್ರ, ಶುಲ್ಕದ ರಸೀದಿ.

ಇಂತಿ ತಮ್ಮ ವಿದ್ಯಾರ್ಥಿನಿ,
ಅನುಷಾ ಕೆ.